‘ಸರ್ಕಲ್ ಬ್ಯಾಕ್ ಮಾಡೋಣ’ ಅಂದರೆ, ತಿರುಗಿ ಬರಬೇಕಾದವರು ಯಾರು?

ನನ್ನ ಅಕ್ಕನ ಮಗ ಈ ಜುಲೈನಲ್ಲಿ ಕೆಲಸಕ್ಕೆ ಸೇರಿದ. ಕ್ಯಾಂಪಸ್‌ನಲ್ಲೇ ಸಿಕ್ಕ ಕೆಲಸ. ಹೋದ ಭಾನುವಾರ ಮನೆಗೆ ಬಂದವನು ಊಟ ಮಾಡುತ್ತಾ ಕೇಳಿದ: “ಮಾವ, ಮೀಟಿಂಗ್‌ನಲ್ಲಿ ನಾನೊಂದು ವಿಷಯ ಹೇಳ್ದೆ. ಮ್ಯಾನೇಜರ್ ‘ಲೆಟ್ಸ್ ಸರ್ಕಲ್ ಬ್ಯಾಕ್ ಆನ್ ದಿಸ್’ ಅಂದ್ರು. ಹನ್ನೆರಡು ದಿನ ಆಯ್ತು. ಅವರೇ ಕರೀತಾರಾ, ನಾನೇ ಹೋಗಿ ಕೇಳ್ಬೇಕಾ? ಕೇಳಿದ್ರೆ ತಲೆ ತಿಂತಾನೆ ಅಂದ್ಕೊಳ್ತಾರಾ?”

ನಾಳೆ ಬೆಳಿಗ್ಗೆಯೇ ಹೋಗಿ ಕೇಳು ಅಂದೆ. ಅವನು ಸರಿ ಅಂದ, ಅನ್ನಕ್ಕೆ ಸಾರು ಹಾಕಿಸಿಕೊಂಡ, ಮಾತು ಬೇರೆ ಕಡೆ ಹೋಯಿತು. ನನ್ನ ತಲೆಯಲ್ಲಿ ಮಾತ್ರ ಅದು ಅಲ್ಲೇ ನಿಂತಿತು. ಹತ್ತು ವರ್ಷಕ್ಕೂ ಹಿಂದೆ, ‘ಈ ವಿಷಯಕ್ಕೆ ಆಮೇಲೆ ಮತ್ತೆ ಬರೋಣ’ ಅನ್ನುವ ಇದೇ ಮಾತನ್ನು ಕೇಳಿಸಿಕೊಂಡು ನಾನು ಐದು ವಾರ ಸುಮ್ಮನೆ ಕಾದಿದ್ದೆ. ಆ ಐದು ವಾರದ ಕಥೆಯನ್ನು ಅವನಿಗೆ ಹೇಳಬೇಕಿತ್ತು. ಇಲ್ಲಿ ಬರೆಯುತ್ತಿದ್ದೇನೆ.

ಒಂದೂವರೆ ಗಂಟೆ ಎರಡು ಸಲ ಬರುವ ರಾತ್ರಿ

2014ರ ಸೆಪ್ಟೆಂಬರ್ ಕೊನೆಯ ವಾರ. ಟ್ರೈನಿಂಗ್ ಮುಗಿಸಿ ಪ್ರಾಜೆಕ್ಟ್‌ಗೆ ಬಂದು ನನಗೆ ಎರಡು ತಿಂಗಳಾಗಿತ್ತು. ಕ್ಲೈಂಟ್ ಅಮೆರಿಕದ ಪೂರ್ವ ಕರಾವಳಿಯವರು. ಅವರ ಬೆಳಗಿನ ಹತ್ತು ಗಂಟೆ ಅಂದರೆ ನಮಗೆ ಸಂಜೆ ಏಳೂವರೆ. ದಿನಾ ಆ ಹೊತ್ತಿಗೆ ಕಾಲ್. ಒಂದು ದಿನ ಪಕ್ಕದ ಸೀಟಿನ ಸೀನಿಯರ್ ಕ್ಯಾಬ್ ಬಗ್ಗೆ ಮಾತಾಡುತ್ತಾ, “ನವೆಂಬರ್ ಬಂತು ಅಂದ್ರೆ ಕಾಲ್ ಎಂಟೂವರೆಗೆ ಹೋಗುತ್ತೆ, ಮನೆ ಸೇರೋದು ಇನ್ನೂ ಲೇಟು” ಅಂದರು. ಯಾಕೆ ಅಂತ ಕೇಳಿದೆ. ಅಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ ಅಂತ ವಿವರಿಸಿದರು. ನವೆಂಬರ್ ತಿಂಗಳ ಮೊದಲ ಭಾನುವಾರ, ಬೆಳಗಿನ ಜಾವ ಎರಡು ಗಂಟೆ ಆಗುತ್ತಿದ್ದಂತೆ ಗಡಿಯಾರ ಮತ್ತೆ ಒಂದಕ್ಕೆ ಬರುತ್ತದೆ. ನಮ್ಮ ದೇಶದಲ್ಲಿ ಈ ಪದ್ಧತಿ ಇಲ್ಲ. ಹಾಗಾಗಿ ನಮ್ಮ ಹುಡುಗರಿಗೆ ಇದು ಕೆಲಸಕ್ಕೆ ಸೇರಿದ ಮೇಲೆಯೇ ಗೊತ್ತಾಗುವುದು ಜಾಸ್ತಿ.

ಅವತ್ತು ರಾತ್ರಿ ಕ್ಯಾಬ್‌ನಲ್ಲಿ ಕೂತಿದ್ದಾಗ ಥಟ್ಟನೆ ಹೊಳೆಯಿತು. ನಮ್ಮ ಸಿಸ್ಟಮ್‌ನಲ್ಲಿ ಒಂದು ರಾತ್ರಿ ಕೆಲಸ ಇತ್ತು. ಕಂತು ಕಟ್ಟಲು ತಡ ಮಾಡಿದವರ ಖಾತೆಗೆ ದಂಡ ಸೇರಿಸುವ ಕೆಲಸ. ಅದು ಓಡುತ್ತಿದ್ದದ್ದು ಅವರ ಸಮಯದ ಪ್ರಕಾರ ರಾತ್ರಿ 1:30ಕ್ಕೆ. ಅದನ್ನು ಓಡಿಸುವ ಷೆಡ್ಯೂಲರ್ ಕೂಡ ನಮ್ಮ ಟೀಮೇ ಬರೆದದ್ದು. ಅದು ಸುಮ್ಮನೆ ಗಡಿಯಾರ ನೋಡುತ್ತಿತ್ತು. 1:30 ಆಯಿತಾ, ಓಡಿಸು. ಈ ತಾರೀಖಿನ ಕೆಲಸ ಆಗಲೇ ಮುಗಿದಿದೆಯಾ ಅಂತ ಅದು ನೋಡುತ್ತಿರಲಿಲ್ಲ. ಗಡಿಯಾರ ಎರಡರಿಂದ ಒಂದಕ್ಕೆ ಬಂದರೆ, ಒಂದೇ ರಾತ್ರಿ 1:30 ಎರಡು ಸಲ ಬರುತ್ತದೆ ಅಲ್ವಾ? ದಂಡವೂ ಎರಡು ಸಲ ಬೀಳುತ್ತದೆ. ಆ ಸಿಸ್ಟಮ್ ಚಾಲೂ ಆಗಿದ್ದು ಅದೇ ವರ್ಷ ಜೂನ್‌ನಲ್ಲಿ. ಇನ್ನೂ ಒಂದೂ ನವೆಂಬರ್ ನೋಡಿರಲಿಲ್ಲ.

ಮರುದಿನ ಕ್ಲೈಂಟ್ ಜೊತೆ ರಿವ್ಯೂ ಕಾಲ್. ಕೊನೆಯಲ್ಲಿ ಮ್ಯಾನೇಜರ್ “ಎನಿಥಿಂಗ್ ಎಲ್ಸ್?” ಅಂದರು. ನಾನು ಮ್ಯೂಟ್ ತೆಗೆದು ಹೇಳಿಬಿಟ್ಟೆ. ಎರಡು ಸೆಕೆಂಡ್ ಯಾರೂ ಮಾತಾಡಲಿಲ್ಲ. ಆಮೇಲೆ ಮ್ಯಾನೇಜರ್, “ಗುಡ್ ಕ್ಯಾಚ್. ಲೆಟ್ಸ್ ಸರ್ಕಲ್ ಬ್ಯಾಕ್ ಆನ್ ದಿಸ್” ಅಂದರು. ಕಾಲ್ ಮುಗಿಯಿತು. ನನ್ನ ಕಿವಿಯಲ್ಲಿ ಉಳಿದದ್ದು ‘ಗುಡ್ ಕ್ಯಾಚ್’ ಮಾತ್ರ. ಅವರು ಕರೆಯುತ್ತಾರೆ ಅಂತ ಕಾದೆ.

ಅಕ್ಟೋಬರ್ ಪೂರ್ತಿ ಹೋಯಿತು. ನಡುವೆ ಆಯುಧಪೂಜೆ, ದೀಪಾವಳಿ, ಊರಿಗೆ ಹೋಗಿ ಬಂದದ್ದು. ಮ್ಯಾನೇಜರ್ ದಿನಾ ಎದುರಿಗೇ ಸಿಗುತ್ತಿದ್ದರು. ಅವರಿಗೆ ನೂರು ಕೆಲಸ, ನೆನಪಿಲ್ಲದೆ ಇರುತ್ತಾರಾ, ದೊಡ್ಡವರು ನೋಡಿಕೊಂಡಿರುತ್ತಾರೆ ಅಂದುಕೊಂಡೆ. ನವೆಂಬರ್ 2, ಭಾನುವಾರ. ಅವರ ಮೊದಲನೇ 1:30 ನಮಗೆ ಬೆಳಿಗ್ಗೆ 11 ಗಂಟೆ. ಎರಡನೇ 1:30 ನಮಗೆ ಮಧ್ಯಾಹ್ನ 12. ಆ ಹೊತ್ತಿಗೆ ನಾನು ಮನೆಯಲ್ಲಿ ಬಟ್ಟೆ ಒಣಗಿಸುತ್ತಿದ್ದೆ. ಸೋಮವಾರ ಸಂಜೆ ಎಂಟೂವರೆಯ ಕಾಲ್‌ನಲ್ಲಿ ಕ್ಲೈಂಟ್ ಕೇಳಿದ ಮೊದಲ ಪ್ರಶ್ನೆಯೇ ಇದು: ನಾನೂರಕ್ಕೂ ಹೆಚ್ಚು ಖಾತೆಗಳಿಗೆ ಒಂದೇ ದಿನ ಎರಡು ದಂಡ ಯಾಕೆ ಬಿದ್ದಿದೆ?

ಅವರ ಡೈರಿಯಲ್ಲಿ ನನ್ನ ಹೆಸರು

ಮಂಗಳವಾರ ಮ್ಯಾನೇಜರ್ ನನ್ನನ್ನು ಪ್ಯಾಂಟ್ರಿಗೆ ಕರೆದುಕೊಂಡು ಹೋದರು. ಬೈಗುಳ ತಿನ್ನಲು ಸಿದ್ಧನಾಗಿ ಹೋಗಿದ್ದೆ. ಒಳಗೆ ಸಿಟ್ಟೂ ಇತ್ತು. ನಾನು ಮೊದಲೇ ಹೇಳಿದ್ದೆನಲ್ಲ! ಅವರು ಎರಡು ಕಪ್ ಕಾಫಿ ತಂದಿಟ್ಟು, ತಮ್ಮ ಡೈರಿ ತೆಗೆದು ಸೆಪ್ಟೆಂಬರ್ ಪುಟ ತೋರಿಸಿದರು. ನೀಲಿ ಶಾಯಿಯಲ್ಲಿ ‘1:30 ಜಾಬ್ – ನವೆಂಬರ್?’ ಅಂತ ಇತ್ತು. ಪಕ್ಕದಲ್ಲಿ ಒಂದು ಬಾಣದ ಗುರುತು. ಬಾಣದ ತುದಿಯಲ್ಲಿ ನನ್ನ ಹೆಸರು.

“ನೀನು ಬರ್ತೀಯ ಅಂತ ನಾನಿದ್ದೆ” ಅಂದರು.

“ನೀವು ಕರೀತೀರ ಅಂತ ನಾನಿದ್ದೆ ಸರ್” ಅಂದೆ.

ಇಬ್ಬರೂ ಸ್ವಲ್ಪ ಹೊತ್ತು ಆ ಪುಟವನ್ನೇ ನೋಡಿದೆವು. ಅವರ ಲೆಕ್ಕದಲ್ಲಿ ಆ ಕೆಲಸ ನನ್ನದು. ನಾನು ವಿವರ ತರುತ್ತೇನೆ, ಯಾವ ಯಾವ ಕೆಲಸಗಳಿಗೆ ತೊಂದರೆ, ಸರಿಮಾಡಲು ಎಷ್ಟು ದಿನ ಅಂತ ಒಂದು ಮೇಲ್ ಹಾಕುತ್ತೇನೆ ಅಂತ ಅವರು ಕಾದಿದ್ದರು. ಮೇಲ್ ಬಾರದೆ ಇದ್ದಾಗ, ಹುಡುಗ ಪರೀಕ್ಷೆ ಮಾಡಿ ನೋಡಿರುತ್ತಾನೆ, ತೊಂದರೆ ಇಲ್ಲ ಅಂತ ಗೊತ್ತಾಗಿರಬೇಕು ಅಂದುಕೊಂಡರಂತೆ. ನನ್ನ ಲೆಕ್ಕದಲ್ಲಿ ಕೆಲಸ ಅವರದು. ಇಬ್ಬರೂ ಪ್ರಾಮಾಣಿಕವಾಗಿಯೇ ಕಾದಿದ್ದೆವು. ಅವರು ಮರೆತರು ಅಂತ ಹೇಳುವಂತಿಲ್ಲ, ನಾನು ಸೋಮಾರಿತನ ಮಾಡಿದೆ ಅಂತಲೂ ಹೇಳುವಂತಿಲ್ಲ. ಆ ಮಾತಿನಲ್ಲಿ ‘ಯಾರು’ ಅನ್ನುವುದೇ ಇರಲಿಲ್ಲ.

ಕನ್ನಡದಲ್ಲಿ ಮಾತಾಡಿದ್ದರೆ ಹೀಗಾಗುತ್ತಿರಲಿಲ್ಲವೇನೋ ಅಂತ ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಕ್ರಿಯಾಪದದ ಬಾಲದಲ್ಲೇ ಯಾರು ಅನ್ನುವುದು ಅಂಟಿಕೊಂಡಿರುತ್ತದೆ. ‘ನೋಡ್ತೀನಿ’ ಅಂದರೆ ನನ್ನ ಕೆಲಸ. ‘ನೋಡು’ ಅಂದರೆ ನಿನ್ನದು. ‘ನೋಡ್ತಾರೆ’ ಅಂದರೆ ಬೇರೆಯವರದು. ಆದರೆ ನಮ್ಮಲ್ಲೂ ಒಂದು ‘ನೋಡೋಣ’ ಇದೆ! ಸಾಲ ಕೇಳಿದಾಗ, ಸೈಟು ವ್ಯಾಪಾರದಲ್ಲಿ, ಹೆಣ್ಣು ನೋಡಿ ಬಂದ ಮೇಲೆ ನಾವೂ ‘ನೋಡೋಣ’ ಅಂತಲೇ ಹೇಳುವುದು. ಅದರಲ್ಲಿ ಎಲ್ಲರೂ ಇದ್ದಾರೆ, ಹಾಗಾಗಿ ಯಾರೂ ಇಲ್ಲ. ಸರ್ಕಲ್ ಬ್ಯಾಕ್ ಅನ್ನುವುದು ಆಫೀಸಿನ ‘ನೋಡೋಣ’. ಮನೆಯಲ್ಲಿ ‘ನೋಡೋಣ’ ಅಂದವರ ಮುಖ, ದನಿ ನೋಡಿಯೇ ಅದು ಹೂಂ ಅಂತಲೋ ಊಹೂಂ ಅಂತಲೋ ನಮಗೆ ತಿಳಿಯುತ್ತದೆ. ಚಿಕ್ಕಂದಿನಿಂದ ಕೇಳಿ ರೂಢಿಯಾಗಿದೆ. ಹೊಸ ಆಫೀಸಿನಲ್ಲಿ, ಇಂಗ್ಲಿಷಿನಲ್ಲಿ, ಕ್ಯಾಮೆರಾ ಆಫ್ ಆಗಿರುವ ಕಾಲ್‌ನಲ್ಲಿ ಆ ರೂಢಿ ಕೈಕೊಡುತ್ತದೆ.

ಅವರು ಯಾಕೆ ಹಾಗೆ ಹೇಳಿದರು

ಅವತ್ತೇ ಅವರು ಇನ್ನೊಂದು ವಿಷಯ ಬಿಡಿಸಿ ಹೇಳಿದರು. ಅದು ಯಾವ ಟ್ರೈನಿಂಗ್‌ನಲ್ಲೂ ನಮಗೆ ಹೇಳಿರಲಿಲ್ಲ. ಆ ಪ್ರಾಜೆಕ್ಟ್ ಫಿಕ್ಸೆಡ್ ಪ್ರೈಸ್. ಇಷ್ಟು ಕೆಲಸಕ್ಕೆ ಇಷ್ಟು ಹಣ ಅಂತ ಮೊದಲೇ ಬರೆದುಕೊಟ್ಟಿರುತ್ತಾರೆ. ಚಾಲೂ ಆದ ಮೇಲೆ 90 ದಿನ ವಾರಂಟಿ. ಅಷ್ಟರೊಳಗೆ ನಮ್ಮ ತಪ್ಪು ಸಿಕ್ಕರೆ ಪುಕ್ಕಟೆ ಸರಿಮಾಡಬೇಕು. ಆಮೇಲೆ ಬಂದ ಕೆಲಸ ಚೇಂಜ್ ರಿಕ್ವೆಸ್ಟ್ ಆಗುತ್ತದೆ, ನಮ್ಮ ಬಾಯಲ್ಲಿ ಸಿಆರ್. ಅದಕ್ಕೆ ಬೇರೆ ದುಡ್ಡು, ಬೇರೆ ಒಪ್ಪಿಗೆ. ನಾನು ಬಾಯಿ ತೆಗೆದದ್ದು ಆ 90 ದಿನ ಆಗತಾನೇ ಮುಗಿದಿದ್ದಾಗ, ಅದೂ ಕ್ಲೈಂಟ್ ಎದುರಿಗೆ. ಇದು ನಮ್ಮ ತಪ್ಪಾ, ಅವರು ಕೊಟ್ಟ ರಿಕ್ವೈರ್‌ಮೆಂಟ್‌ನಲ್ಲೇ ಈ ವಿಷಯ ಇರಲಿಲ್ಲವಾ? ಡಿಫೆಕ್ಟಾ, ಸಿಆರಾ? ಆ ಕಾಲ್‌ನಲ್ಲಿ ಮ್ಯಾನೇಜರ್ ‘ಸರಿಮಾಡ್ತೀವಿ’ ಅಂದಿದ್ದರೆ ಪುಕ್ಕಟೆ ಮಾಡುತ್ತೇವೆ ಅಂತ ಒಪ್ಪಿಕೊಂಡ ಹಾಗೆ. ‘ಅದು ನಮಗೆ ಸೇರಿದ್ದಲ್ಲ’ ಅಂದಿದ್ದರೆ ಅಲ್ಲೇ ಜಗಳ. ಎರಡನ್ನೂ ಹೇಳುವ ಅಧಿಕಾರ ಅವರಿಗಿರಲಿಲ್ಲ. ಅವರ ಮೇಲಿನ ಡೆಲಿವರಿ ಮ್ಯಾನೇಜರ್ ಹೇಳಬೇಕಿತ್ತು. ಆ ಎರಡು ಸೆಕೆಂಡಿನಲ್ಲಿ ಅವರಿಗೆ ಸಿಕ್ಕ ಸುರಕ್ಷಿತ ಮಾತು ಅದೊಂದೇ.

ಕೆಲಸದ ಲೆಕ್ಕದಲ್ಲಿ ಅದು ಚಿಕ್ಕದೇ. ಓಡುವ ಮೊದಲು ಈ ತಾರೀಖಿಗೆ ಆಗಲೇ ಓಡಿದೆಯಾ ಅಂತ ಟೇಬಲ್‌ನಲ್ಲಿ ಒಂದು ಸಲ ನೋಡಬೇಕು, ಅಷ್ಟೇ. ಬರೆಯಲು ಅರ್ಧ ದಿನ, ಟೆಸ್ಟಿಂಗ್‌ಗೆ ಎರಡು ದಿನ. ನಾನು ಆ ಅರ್ಧ ದಿನವನ್ನು ಮಾತ್ರ ನೋಡಿದ್ದೆ. ಅವರು ನೋಡಿದ್ದು ಅದರ ಹಿಂದಿನ ಒಪ್ಪಂದವನ್ನು. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಮ್ಯಾನೇಜರ್ ಸರ್ಕಲ್ ಬ್ಯಾಕ್ ಅಂದಾಗ, ಆ ಕಾಲ್‌ನಲ್ಲಿ ಯಾರು ಯಾರು ಇದ್ದರು ಅಂತ ಒಂದು ಸಲ ನೆನಪಿಸಿಕೊಳ್ಳಿ. ಕ್ಲೈಂಟ್ ಇದ್ದರೆ, ಬೇರೆ ಟೀಮಿನವರಿದ್ದರೆ, ಮ್ಯಾನೇಜರಿನ ಮ್ಯಾನೇಜರ್ ಇದ್ದರೆ, ಆ ಮಾತಿನ ಅರ್ಥ ಬಹಳ ಸಲ ‘ಇಲ್ಲಿ ಬೇಡ, ಒಳಗೆ ಮಾತಾಡೋಣ’ ಅಂತಲೇ. ಅಲ್ಲೇ ಒತ್ತಾಯ ಮಾಡಬಾರದು. ಒಳಗೆ ಹೋಗಿ ಮಾತಾಡುವುದನ್ನು ಮಾತ್ರ ಬಿಡಬಾರದು.

ಎಲ್ಲ ಸಲವೂ ಇಷ್ಟು ಆಳ ಇರುವುದಿಲ್ಲ. ಅರ್ಧ ಗಂಟೆಯ ಮೀಟಿಂಗ್‌ನಲ್ಲಿ ಇಪ್ಪತ್ತೆಂಟನೇ ನಿಮಿಷಕ್ಕೆ ವಿಷಯ ಎತ್ತಿದರೆ ಅದು ಬರೀ ಸಮಯದ ಮಾತು. ಮ್ಯಾನೇಜರಿಗೆ ಉತ್ತರ ಗೊತ್ತಿಲ್ಲದೆಯೂ ಹಾಗೆ ಹೇಳುತ್ತಾರೆ. ಹತ್ತು ಜನರ ಮುಂದೆ ‘ಗೊತ್ತಿಲ್ಲ’ ಅನ್ನಲು ಎಲ್ಲರಿಗೂ ಬಾಯಿ ಬರುವುದಿಲ್ಲ.

ನಾನೇ ಆ ಮಾತು ಹೇಳಿದ ದಿನ

ಆಮೇಲೆ ನಾನೂ ಲೀಡ್ ಆದೆ, ಮ್ಯಾನೇಜರ್ ಆದೆ. ಈ ಮಾತು ಹೇಳಬಾರದು ಅಂತ ಅಂದುಕೊಂಡವನು ಹೇಳತೊಡಗಿದೆ. ಒಂದು ಫೆಬ್ರವರಿಯಲ್ಲಿ ಟೀಮಿನ ಹುಡುಗಿ, ದಾವಣಗೆರೆ ಕಡೆಯವಳು, ಒನ್-ಆನ್-ಒನ್‌ನಲ್ಲಿ ನೇರವಾಗಿ ಕೇಳಿದಳು: “ಸರ್, ಈ ಸಲ ನನಗೆ ಪ್ರಮೋಷನ್ ಆಗುತ್ತಾ?”

ನನಗೆ ಗೊತ್ತಿದ್ದದ್ದು ಇಷ್ಟು. ನಾನು ಮೂರು ಹೆಸರು ಮೇಲಕ್ಕೆ ಕಳಿಸಿದ್ದೆ, ಅದರಲ್ಲಿ ಅವಳದ್ದೂ ಇತ್ತು. ನಮ್ಮ ಗುಂಪಿಗೆ ಒಂದೇ ಜಾಗ ಸಿಗಬಹುದು ಅನ್ನುವ ಮಾತಿತ್ತು. ಎಲ್ಲ ಮ್ಯಾನೇಜರುಗಳು ಕೊಟ್ಟ ರೇಟಿಂಗ್ ಪಕ್ಕಪಕ್ಕ ಇಟ್ಟು ಏರಿಸಿ ಇಳಿಸುವ ಮೀಟಿಂಗ್ ಒಂದಿರುತ್ತದೆ. ನಾರ್ಮಲೈಸೇಷನ್ ಅನ್ನುತ್ತಾರೆ. ಅದು ಆಗುವವರೆಗೆ ನಾನು ಕೊಟ್ಟ ರೇಟಿಂಗ್ ಉಳಿಯುತ್ತದೆ ಅಂತ ಹೇಳುವ ಹಾಗಿಲ್ಲ. ಆಗುತ್ತೆ ಅಂದರೆ ಸುಳ್ಳಾಗಬಹುದು. ಇಲ್ಲ ಅಂದರೆ ಅದೂ ಸುಳ್ಳಾಗಬಹುದು. ಹೆಸರು ಕಳಿಸಿದ್ದೇನೆ ಅಂತ ಹೇಳಲೂ ಅನುಮತಿ ಇರಲಿಲ್ಲ. “ನೋಡಮ್ಮ, ಲೆಟ್ಸ್ ಸರ್ಕಲ್ ಬ್ಯಾಕ್” ಅಂದೆ.

ಅವಳು ಎದ್ದು ಹೋಗಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದಳು: “ಸರ್, ಏನು ಗೊತ್ತಾದ ಮೇಲೆ ನೀವು ನನಗೆ ಹೇಳೋಕಾಗುತ್ತೆ? ಅದು ಯಾವಾಗ ಗೊತ್ತಾಗುತ್ತೆ?”

ಅಂಥ ಪ್ರಶ್ನೆ ನನಗೆ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅವಳು ಉತ್ತರ ಕೊಡಿ ಅಂತ ಕೇಳಲಿಲ್ಲ, ಉತ್ತರ ಯಾವುದಕ್ಕಾಗಿ ಕಾಯುತ್ತಿದೆ ಅಂತ ಕೇಳಿದಳು. ಅದನ್ನು ಹೇಳಲು ನನಗೆ ಯಾವ ಅಡ್ಡಿಯೂ ಇರಲಿಲ್ಲ. “ಮಾರ್ಚ್ ಎರಡನೇ ವಾರ ರೇಟಿಂಗ್ ಪಕ್ಕಾ ಆಗುತ್ತೆ. ಅಲ್ಲಿಯವರೆಗೆ ಯಾರಿಗೂ ಏನೂ ಹೇಳೋ ಹಾಗಿಲ್ಲ. 15ರ ಮೇಲೆ ನಿಮಗೆ ಹೇಳ್ತೀನಿ” ಅಂದೆ. ‘ಹೇಳೋಣ’ ಹೋಗಿ ‘ಹೇಳ್ತೀನಿ’ ಆಯಿತು. ಅವಳು ಮಾರ್ಚ್ 16 ಅಂತ ಕ್ಯಾಲೆಂಡರ್‌ನಲ್ಲಿ ಹದಿನೈದು ನಿಮಿಷದ ಇನ್ವೈಟ್ ಕಳಿಸಿದಳು. ನಾನು ಒಪ್ಪಿದೆ. ಆ ಸಲ ಪ್ರಮೋಷನ್ ಆಗಲಿಲ್ಲ. ಅವತ್ತು 16ಕ್ಕೆ ಹೇಳುವಾಗ ನನಗೂ ಕಷ್ಟವಾಯಿತು, ಅವಳ ಮುಖವೂ ಬಾಡಿತು. ಆದರೆ ಬೇರೆ ಕಡೆಯ ಒಂದು ಆಫರ್ ಅವಳ ಕೈಯಲ್ಲಿತ್ತು, ಅದಕ್ಕೆ ತಿಂಗಳ ಕೊನೆಯೊಳಗೆ ಉತ್ತರ ಕೊಡಬೇಕಿತ್ತು ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಮಾರ್ಚ್ 16 ಅವಳಿಗೆ ಯಾಕೆ ಬೇಕಿತ್ತು ಅಂತ ಆಗ ಅರ್ಥವಾಯಿತು.

ಅಕ್ಕನ ಮಗನಿಗೆ

ಹಾಗಾಗಿ ಅವನಿಗೆ ಹೇಳುವುದು ಇದು. ಮೀಟಿಂಗ್ ಮುಗಿದ ಮೇಲೆ ಆ ವಿಷಯ ಎಲ್ಲಾದರೂ ಬರಹದಲ್ಲಿ ಇಳಿದಿದೆಯಾ ನೋಡು. ಮಿನಿಟ್ಸ್‌ನಲ್ಲಿ, ಟೀಮಿನ ಕೆಲಸಗಳನ್ನು ದಾಖಲಿಸುವ ಬೋರ್ಡ್‌ನ ಟಿಕೆಟ್‌ನಲ್ಲಿ, ಎಲ್ಲಿಯಾದರೂ ಸರಿ. ಒಂದು ಹೆಸರು, ಒಂದು ತಾರೀಖು ಇದ್ದರೆ ನಿಶ್ಚಿಂತೆಯಿಂದ ಕಾಯಬಹುದು. ಇಲ್ಲದಿದ್ದರೆ ಅದು ನಿನ್ನ ಕೆಲಸ ಅಂತಲೇ ತಿಳಿದುಕೋ. ವಿಷಯ ಎತ್ತಿದವನೇ ಅದನ್ನು ಹೊತ್ತುಕೊಂಡು ಬರುತ್ತಾನೆ ಅಂತ ಮ್ಯಾನೇಜರುಗಳು ಅಂದುಕೊಳ್ಳುತ್ತಾರೆ. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅವತ್ತೇ, ಮೀಟಿಂಗ್‌ನ ಬಿಸಿ ಆರುವ ಮೊದಲು, ಮ್ಯಾನೇಜರಿಗೆ ಮಾತ್ರ ಒಂದು ಸಣ್ಣ ಮೆಸೇಜ್ ಹಾಕು. ಎಲ್ಲರೂ ಇರುವ ಗ್ರೂಪಿನಲ್ಲಿ ಬೇಡ. ನನ್ನ ಕಥೆಯಲ್ಲಾದರೆ ಆ ಮೆಸೇಜ್ ಹೀಗಿರಬೇಕಿತ್ತು: ‘1:30ರ ಜಾಬ್ ನವೆಂಬರ್ 2ಕ್ಕೆ ಎರಡು ಸಲ ಓಡುತ್ತದೆ, ದಂಡ ಎರಡು ಸಲ ಬೀಳುತ್ತದೆ. ಸರಿಮಾಡಲು ಎರಡೂವರೆ ದಿನ ಬೇಕು. ರಿಲೀಸ್ ಅಕ್ಟೋಬರ್ 24ರೊಳಗೆ ಆಗಬೇಕು. ವಿವರ ನಾನು ಶುಕ್ರವಾರ ತರಲಾ, ಇಲ್ಲ ನೀವು ಮೊದಲು ಯಾರನ್ನಾದರೂ ಕೇಳಬೇಕಾ?’ ಇದರಲ್ಲಿ ದೂರಿಲ್ಲ, ಒತ್ತಾಯವಿಲ್ಲ. ಕೊನೆಯ ಪ್ರಶ್ನೆಗೆ ಮಾತ್ರ ಯಾರಾದರೂ ಒಬ್ಬರ ಹೆಸರು ಹೇಳಿಯೇ ಉತ್ತರ ಕೊಡಬೇಕಾಗುತ್ತದೆ. ತಲೆ ತಿಂತಾನೆ ಅಂದುಕೊಳ್ಳುತ್ತಾರಾ ಅಂತ ಕೇಳಿದೆಯಲ್ಲ. ಈ ತರಹದ ಮೆಸೇಜ್ ನೋಡಿ ನಾನಂತೂ ಒಂದು ಸಲವೂ ಹಾಗೆ ಅಂದುಕೊಂಡಿಲ್ಲ. ನನ್ನ ತಲೆಯಿಂದ ಒಂದು ಭಾರ ಇಳಿದ ಹಾಗಾಗುತ್ತದೆ.

ಕೆಲವು ಸಲ ಅದು ನಿಜವಾಗಿಯೂ ‘ಬೇಡ’ ಅಂತ. ನಾವು ಚಿಕ್ಕವರಿದ್ದಾಗ ದೆವ್ವದ ಭಯಕ್ಕೆ ಮನೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದಿದ್ದು ನೆನಪಿರಬಹುದು. ದೆವ್ವ ದಿನಾ ಬಂದು, ಓದಿ, ವಾಪಸ್ ಹೋಗುತ್ತಿತ್ತಂತೆ. ಆಫೀಸಿನಲ್ಲಿ ಅದನ್ನು ಗುರುತಿಸುವುದು ಹೀಗೆ: ಎರಡನೇ ಸಲ ಹೋದಾಗ ಮ್ಯಾನೇಜರ್ ನಿನ್ನನ್ನು ಏನನ್ನೂ ಕೇಳುವುದಿಲ್ಲ. ಎಷ್ಟು ದಿನ ಬೇಕು, ಯಾರಿಗೆ ಲಾಭ, ಏನು ತೊಂದರೆ, ಒಂದೂ ಇಲ್ಲ. ಬೇಕು ಅನ್ನಿಸಿದವರು ಏನಾದರೂ ಕೇಳಿಯೇ ಕೇಳುತ್ತಾರೆ. ಹೊಸ ಟೂಲ್ ತರೋಣ, ಮೀಟಿಂಗ್ ಸಮಯ ಬದಲಾಯಿಸೋಣ ಅನ್ನುವಂಥ ವಿಷಯವಾದರೆ ಅಲ್ಲಿಗೇ ಬಿಡಬಹುದು. ಬೇಸರ ಬೇಡ.

ಬಿಡಬಾರದ ವಿಷಯವೂ ಇದೆ. ಅದಕ್ಕೊಂದು ತಾರೀಖು ಇರುತ್ತದೆ, ಅವತ್ತು ಹೊರಗಿನ ಯಾರಿಗೋ ನಷ್ಟವಾಗುತ್ತದೆ. ಗಡಿಯಾರ ನಮ್ಮ ಡೆಲಿವರಿ ಮ್ಯಾನೇಜರ್ ತೀರ್ಮಾನಕ್ಕೆ ಕಾಯಲಿಲ್ಲ. ಅಂಥ ವಿಷಯಕ್ಕೆ ಎರಡನೇ ಸಲವೂ ಅದೇ ಮಾತು ಬಂದರೆ, ಟಿಕೆಟ್ ಹಾಕಿ ತಾರೀಖನ್ನು ಅದರ ತಲೆಬರಹದಲ್ಲೇ ಬರೆ. ಆಮೇಲೆ ಮ್ಯಾನೇಜರನ್ನೇ ಕೇಳು: “ಸರ್, ಇದನ್ನ ಡೆಲಿವರಿ ಮ್ಯಾನೇಜರಿಗೆ ನೀವು ಹೇಳ್ತೀರಾ, ನಾನು ಜೊತೆಗೆ ಬರಲಾ?” ಎರಡು ತಿಂಗಳ ಹುಡುಗನಿಗೆ ಇದು ಕಷ್ಟ ಅಂತ ಗೊತ್ತು. ನನಗೂ ಕಷ್ಟವಾಗುತ್ತಿತ್ತು. ಆ ನಾನೂರು ಖಾತೆಗಳ ದಂಡ ವಾಪಸ್ ಮಾಡಲು ನಮಗೆ ಹನ್ನೊಂದು ದಿನ ಹಿಡಿಯಿತು. ಒಂದೊಂದನ್ನೂ ಕೈಯಿಂದಲೇ ನೋಡಿದೆವು. ಒಬ್ಬರ ಖಾತೆಯಲ್ಲಿ ಇದ್ದ ಹಣಕ್ಕಿಂತ ಬಿದ್ದ ದಂಡವೇ ಜಾಸ್ತಿ ಇತ್ತು. ಆ ಸಾಲು ನನಗೆ ಇವತ್ತಿಗೂ ಕಣ್ಣ ಮುಂದಿದೆ.

ಮುಂದಿನ ವರ್ಷ ಅಲ್ಲಿ ಗಡಿಯಾರ ಹಿಂದಕ್ಕೆ ಹೋದದ್ದು ನವೆಂಬರ್ 1ರಂದು. ಭಾನುವಾರ, ನಮಗೆ ರಾಜ್ಯೋತ್ಸವ. ಬೀದಿ ಕೊನೆಯಲ್ಲಿ ಶಾಮಿಯಾನ ಹಾಕಿದ್ದರು, ಮೈಕಿನಲ್ಲಿ ಹಾಡು ಬರುತ್ತಿತ್ತು. ನಾನು ಮನೆಯಿಂದಲೇ ಲಾಗಿನ್ ಆಗಿ ಕೂತಿದ್ದೆ. ಮ್ಯಾನೇಜರ್ ಅವರ ಮನೆಯಿಂದ. 11 ಗಂಟೆಗೆ ಜಾಬ್ ಓಡಿತು. ಹನ್ನೊಂದೂವರೆಗೆ ಅಲ್ಲಿ ಎರಡು ಗಂಟೆ ಹೋಗಿ ಒಂದಾಯಿತು. 12 ಗಂಟೆಗೆ ಲಾಗ್‌ನಲ್ಲಿ ಒಂದು ಸಾಲು ಬಂತು:

```
run_date 2015-11-01 already processed, skipping
```

ಫೋನ್ ರಿಂಗ್ ಆಯಿತು. “ನೋಡಿದ್ಯಾ?” ಅಂದರು.

“ನೋಡ್ದೆ ಸರ್” ಅಂದೆ.